ಶಿಫಾರಸು ಪತ್ರ ಬರೆಯಬೇಕಾದವರು ಯಾರು?

"ನೀನೇ ಬರ್ಕೊಂಡ್ ಬಾರಮ್ಮ, ಸೈನ್ ಹಾಕ್ತೀನಿ." ಈ ಮಾತು ಕೇಳಿದರೆ ನನಗೆ ಎಷ್ಟು ಸಿಟ್ಟು ಬರುತ್ತೆ ಅಂತ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತವರಿಗೆಲ್ಲ ಗೊತ್ತು. ಇವತ್ತು ಮತ್ತೆ ಅದೇ ಆಯ್ತು.

ಫೈನಲ್ ಇಯರ್ ಸಿವಿಲ್ ಹುಡುಗಿ, ಜಗಳೂರು ಕಡೆಯವಳು. ಅಮೆರಿಕದಲ್ಲಿ ಎಂಎಸ್ ಮಾಡೋಕೆ ಅರ್ಜಿ ಹಾಕ್ತಿದ್ದಾಳೆ, ಮೂರು ರೆಕಮಂಡೇಶನ್ ಲೆಟರ್ ಬೇಕು. ನನ್ನ ಮುಂದೆ ಪ್ರಿಂಟ್ ಇಟ್ಟು, "ನಿಮಗೆ ತೊಂದ್ರಿ ಆಗಬಾರ್ದು ಅಂತ ನಾನೇ ಬರ್ಕೊಂಡ್ ಬಂದೀನ್ರಿ ಮೇಡಂ" ಅಂದಳು. ಉಳಿದ ಇಬ್ಬರು ಸರ್‌ಗಳು ಹಾಗೇ ತಾ ಅಂದಿದ್ದರಂತೆ. ಓದಿದೆ. ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಪಂಕ್ಚುಯಲ್. ಮೂರೂ ಪತ್ರ ಒಂದೇ ಕೈಯಿಂದ ಹೊರಟಿವೆ, ಮೂರರಲ್ಲೂ ಅದೇ ವಾಕ್ಯದ ಧಾಟಿ. ಅಲ್ಲಿ ಕಮಿಟಿಯವರು ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದ್ತಾರೆ. ಅವರಿಗೆ ತಿಳಿಯೋದಿಲ್ವಾ?

ಈಗ ಆ ಪತ್ರದಲ್ಲಿ ಇಲ್ಲದ್ದು ಏನು ಅಂತ ಕೇಳಿ. ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿನಲ್ಲಿ ಇವಳ ತಂಡ ನಮ್ಮ ಎರೆಮಣ್ಣಿಗೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಬೆರೆಸಿ, ರಸ್ತೆಯ ತಳಕ್ಕೆ ಆಗುತ್ತಾ ಅಂತ ನೋಡ್ತಿತ್ತು. ಅದಕ್ಕೆ ಸಿಬಿಆರ್ ಟೆಸ್ಟ್ ಮಾಡಬೇಕು. ಮಣ್ಣನ್ನು ಅಚ್ಚಿನಲ್ಲಿ ಒತ್ತಿ ನಾಲ್ಕು ದಿನ ನೀರಲ್ಲಿ ನೆನೆಸಿ, ಆಮೇಲೆ ಉಕ್ಕಿನ ಪ್ಲಂಜರ್ ಇಳಿಸಿ 2.5 ಮಿ.ಮೀ. ಮತ್ತು 5 ಮಿ.ಮೀ. ಆಳದಲ್ಲಿ ಎಷ್ಟು ಭಾರ ತಡೀತು, ಅದು ಆ ಆಳಕ್ಕೆ ಗೊತ್ತುಮಾಡಿದ ಪ್ರಮಾಣಿತ ಭಾರದ ಶೇಕಡಾ ಎಷ್ಟು ಅಂತ ನೋಡೋದು. ಸಾಮಾನ್ಯವಾಗಿ 2.5ರ ಬೆಲೆಯೇ ಜಾಸ್ತಿ ಬರುತ್ತೆ. ಇವಳಿಗೆ 2.5ಕ್ಕೆ ಶೇ. 4.0, 5ಕ್ಕೆ ಶೇ. 4.7 ಬಂತು. ಹೀಗೆ ತಿರುಗಾಮುರುಗಾ ಬಂದರೆ ಟೆಸ್ಟನ್ನು ಮತ್ತೆ ಮಾಡಬೇಕು, ಮತ್ತೂ ಹಾಗೇ ಬಂದರೆ ಮಾತ್ರ 5ರ ಬೆಲೆ ತಗೋಬೇಕು ಅಂತ ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕ ಐಎಸ್ 2720ರಲ್ಲಿ ಇದೆ. ಬಹಳ ಹುಡುಗರು ದೊಡ್ಡ ಅಂಕಿ ಬರೆದು ರೆಕಾರ್ಡ್ ಮುಗಿಸ್ತಾರೆ. ಇವಳು ಗ್ರಾಫ್ ತಗೊಂಡು ಬಂದು, "ಮೇಡಂ, ಶುರುವಿನಲ್ಲಿ ಗೆರೆ ಮೇಲಕ್ಕೆ ಬಾಗೈತ್ರಿ, ಮಣ್ಣಿನ ಮೇಲ್ಭಾಗ ಸಮ ಇರಲಿಲ್ಲ ಅನ್ಸುತ್ತೆ" ಅಂತ ತಾನೇ ಹೇಳಿ, ಮತ್ತೆ ನಾಲ್ಕು ದಿನ ನೆನೆಸಿ ಹೊಸದಾಗಿ ಮಾಡಿದಳು. ಸಬ್‌ಮಿಷನ್ ಹತ್ತಿರ ಇತ್ತು, ತಂಡದ ಇಬ್ಬರು ಮುಖ ಊದಿಸಿಕೊಂಡಿದ್ದರು. ಎರಡನೇ ಸಲ 2.5ರ ಬೆಲೆಯೇ ಮೇಲೆ ಬಂತು.

ಇದನ್ನು ಕಣ್ಣಾರೆ ಕಂಡವಳು ನಾನು. "ಸಿನ್ಸಿಯರ್" ಅನ್ನೋ ಪದವನ್ನು ಯಾರ ಹೆಸರಿನ ಮುಂದೆ ಬೇಕಾದರೂ ಹಾಕಬಹುದು. ಈ ಘಟನೆ ಇವಳೊಬ್ಬಳದೇ. ಆದರೆ ಅವಳ ಡ್ರಾಫ್ಟಿನಲ್ಲಿ ಇದರ ಸುಳಿವೇ ಇಲ್ಲ. ಯಾಕೆ ಅಂದರೆ, "ನಾನು ಮಾಡಿದ್ದು ತಪ್ಪಿನ ಟೆಸ್ಟ್ ಅಲ್ವಾ ಮೇಡಂ, ಅದನ್ನ ಯಾಕೆ ಹೇಳೋದು" ಅಂತಾಳೆ! ತನ್ನಲ್ಲಿರೋ ಒಳ್ಳೇದು ಯಾವುದು ಅಂತ ಹೊರಗಿನಿಂದ ಕಂಡವರು ಹೇಳಬೇಕು. ಪತ್ರವನ್ನು ಮೇಷ್ಟ್ರ ಕೈಯಲ್ಲಿ ಬರೆಸಿ ಅಂತ ಆ ಯೂನಿವರ್ಸಿಟಿಗಳು ಕೇಳೋದು ಇದಕ್ಕೇ.

ಇನ್ನೊಂದು ವಿಷಯ. ಅರ್ಜಿ ತುಂಬುವಾಗ, ಈ ಪತ್ರ ನೋಡುವ ಹಕ್ಕನ್ನು ಬಿಡ್ತೀಯಾ ಅಂತ ವಿದ್ಯಾರ್ಥಿಯನ್ನು ಕೇಳ್ತಾರೆ. ಬಹುತೇಕ ಎಲ್ಲರೂ ಹೌದು ಅಂತ ಒತ್ತುತ್ತಾರೆ, ಆಗಲೇ ಪತ್ರಕ್ಕೆ ಬೆಲೆ. ಲಿಂಕ್ ನೇರವಾಗಿ ಮೇಷ್ಟ್ರ ಇಮೇಲಿಗೆ ಬರೋದೂ ಅದಕ್ಕೇ. ಅದನ್ನು ಒತ್ತಿದವಳೇ ಪತ್ರವನ್ನೂ ಬರೆದಿದ್ದರೆ ಅದು ಓದುವವರಿಗೆ ಮಾಡಿದ ಮೋಸ. ಆ ಮೋಸಕ್ಕೆ ಇಪ್ಪತ್ತೊಂದರ ಹುಡುಗಿಯನ್ನು ತಳ್ಳಿದವರು ನಾವು, ಮೇಷ್ಟ್ರುಗಳು.

"ಮೇಡಂ, ಟೈಮ್ ಎಲ್ಲೈತಿ? ಇನ್ವಿಜಿಲೇಶನ್, ವ್ಯಾಲ್ಯುವೇಶನ್, ನ್ಯಾಕ್ ಫೈಲು" ಅಂತಾರೆ ಸಹೋದ್ಯೋಗಿಗಳು. ಕೆಲಸದ ಹೊರೆ ಇರೋದು ನಿಜ, ನಾನೂ ಅದರಲ್ಲೇ ಇದ್ದೀನಿ. ಆದರೆ ಒಬ್ಬರಿಗೆ ಒಂದು ಪತ್ರ ಬರೆದಿಟ್ಟರೆ ಹತ್ತು ಯೂನಿವರ್ಸಿಟಿಗೂ ಸಣ್ಣ ತಿದ್ದುಪಡಿಯಲ್ಲಿ ಅದೇ ನಡೆಯುತ್ತೆ. ಒಂದು ಸಂಜೆಯ ಕೆಲಸ. ಅದೂ ಆಗದಿದ್ದರೆ, ಆ ಹುಡುಗಿಯ ಕೆಲಸ ನೆನಪೇ ಇಲ್ಲದಿದ್ದರೆ, "ನನ್ನ ಕೈಲಿ ಒಳ್ಳೇ ಪತ್ರ ಆಗಲ್ಲಮ್ಮ, ನಿನ್ನ ಪ್ರಾಜೆಕ್ಟ್ ಗೈಡನ್ನ ಕೇಳು" ಅಂತ ಅವತ್ತೇ ಹೇಳಿಬಿಡಿ. ಅವಳಿಗೆ ಬೇರೆಯವರನ್ನು ಹುಡುಕೋಕೆ ಸಮಯವಾದರೂ ಸಿಗುತ್ತೆ.

ಹುಡುಗರೇ, ನಿಮಗೂ ಹೇಳ್ತೀನಿ. ಎಚ್‌ಓಡಿ, ಪ್ರಿನ್ಸಿಪಾಲ್ ಅಂತ ಕುರ್ಚಿ ನೋಡಿ ಕೇಳಬೇಡಿ, ನಿಮ್ಮ ಕೆಲಸ ನೋಡಿದವರನ್ನು ಕೇಳಿ. ಡಿಸೆಂಬರ್ ಮಧ್ಯಕ್ಕೆ ಕೊನೇ ದಿನ ಇದ್ದರೆ ಅಕ್ಟೋಬರ್ ಮುಗಿಯೋದರೊಳಗೆ ಬನ್ನಿ. ಬರುವಾಗ ಪತ್ರ ತರಬೇಡಿ. ಮಾರ್ಕ್ಸ್ ಕಾರ್ಡು, ನೀವು ಬರೆದ ಎಸ್‌ಓಪಿ, ಯಾವ ಯೂನಿವರ್ಸಿಟಿಗೆ ಯಾವತ್ತು ಕೊನೇ ದಿನ ಅನ್ನೋ ಪಟ್ಟಿ ತನ್ನಿ. ಜೊತೆಗೆ ಒಂದು ಹಾಳೆಯಲ್ಲಿ, ನನ್ನ ಹತ್ತಿರ ಏನು ಮಾಡಿದಿರಿ, ಎಲ್ಲಿ ಕೆಟ್ಟಿತು, ಆಮೇಲೆ ಏನು ಮಾಡಿದಿರಿ ಅಂತ ನೆನಪಿದ್ದಷ್ಟು ಬರೆದುಕೊಂಡು ಬನ್ನಿ. ಕನ್ನಡದಲ್ಲೇ ಬರೆದರೂ ಸರಿ. ಪತ್ರ ನಾನು ಬರೀತೀನಿ.