ಕನಿಷ್ಠ ನೂರು, ಮೂರೇ ದಿನ, ಬೆಲೆಗೆ ಇನ್‌ಬಾಕ್ಸ್

‘3 ದಿನದಲ್ಲಿ ರೆಡಿ’ ಎಂದು ಹಾಕುವವರು ಯಾವ ದಿನದಿಂದ ಎಣಿಸಬೇಕು ಅನ್ನೋದನ್ನೂ ಬರೆಯಬೇಕು. ಹಾಗಂತ ಒಂದು ಕಾನೂನೇ ಬರಲಿ. ಅಕ್ಕನ ಮಗಳ ಮದುವೆ. ‘ನಿನಗೆ ಕಂಪ್ಯೂಟರ್ ಗೊತ್ತಲ್ಲ’ ಎಂದು ಲಗ್ನಪತ್ರಿಕೆಯ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಪ್ರಿಂಟಿಂಗ್ ಅಂಗಡಿಯೊಂದರ ಪೋಸ್ಟ್ ಫೋನಿನಲ್ಲಿ ಸಿಕ್ಕಿತು: ‘ಹೊಸ ಡಿಸೈನ್‌ಗಳು ಬಂದಿವೆ! ಕನಿಷ್ಠ 100 ಕಾರ್ಡ್. 3 ದಿನದಲ್ಲಿ ರೆಡಿ. ಬೆಲೆಗೆ ಇನ್‌ಬಾಕ್ಸ್ ಮಾಡಿ.’ ಜೊತೆಗೆ ಒಂದಷ್ಟು ಫೋಟೋ. ಓದೋಕೆ ಎಷ್ಟು ಸಲೀಸು ಅಲ್ವಾ?

ಮೊದಲು ಆ ಫೋಟೋಗಳ ವಿಷಯ. ಎಲ್ಲದರಲ್ಲೂ ಕಾರ್ಡಿನ ಸುತ್ತ ಗುಲಾಬಿ ಪಕಳೆ, ಪಕ್ಕದಲ್ಲಿ ಕುಂಕುಮದ ಬಟ್ಟಲು, ಮೇಲಿಂದ ಲೈಟು. ಚಿನ್ನದ ಗಣಪತಿ ಫಳಫಳ. ಮದುವೆಯಾಗುವವರು ಮಾತ್ರ ಎಲ್ಲ ಡಿಸೈನಿನಲ್ಲೂ ಅದೇ ರಾಹುಲ್ ಮತ್ತು ಪೂಜಾ. ಕೆಂಪು ಕಾರ್ಡಿನಲ್ಲೂ ಅವರೇ, ನವಿಲಿನ ಕಾರ್ಡಿನಲ್ಲೂ ಅವರೇ. ಇಂಗ್ಲಿಷಿನಲ್ಲಿ ಬರೆದ ಪುಟ್ಟ ಹೆಸರುಗಳು, ನಡುವೆ ಬಳ್ಳಿ, ಬೇಕಾದಷ್ಟು ಖಾಲಿ ಜಾಗ. ನಮ್ಮ ಹುಡುಗಿ ಚಿ.ಕುಂ.ಸೌ. ವಿಜಯಲಕ್ಷ್ಮಿ. ಹುಡುಗ ಚಿ.ರಾ. ಕೃಷ್ಣಪ್ರಸಾದ್. ಎಷ್ಟು ಒತ್ತಕ್ಷರ ನೋಡಿ. ಕನ್ನಡದ ಸಾಲಿಗೆ ಕೆಳಗೂ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಬಂಗಾರದ ಬಣ್ಣ ಒತ್ತಿನ ಸಂದಿಯೊಳಗೆಲ್ಲ ತುಂಬಿಕೊಂಡು ‘ಕ್ಷ್ಮಿ’ ಅನ್ನೋದು ಒಂದು ಬೊಟ್ಟಿನಂತೆ ಕಾಣುತ್ತದೆ. ಹಾಗಾಗಿ ಫೋಟೋ ನೋಡಿ ಮರುಳಾಗಬೇಡಿ. ಅಂಗಡಿಗೆ ಹೋಗಿ, ಯಾರದೋ ಮದುವೆಗೆ ಕನ್ನಡದಲ್ಲೇ ಹೊಡೆದು ಮಿಕ್ಕಿರುವ ಕಾರ್ಡ್ ಕೇಳಿ. ಪ್ರತಿ ಅಂಗಡಿಯ ಡ್ರಾಯರಿನಲ್ಲೂ ಅಂಥದ್ದು ಇರುತ್ತದೆ. ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಫಳಫಳ ಎಷ್ಟು ನಿಜ, ಎಷ್ಟು ಹಳದಿ ಇಂಕು ಅನ್ನೋದು ತಿಳಿಯುತ್ತದೆ.

ಇನ್ನು ಆ ‘ಕನಿಷ್ಠ 100’. ನಮಗೆ ಬೇಕಿದ್ದದ್ದು 60. ಉಳಿದವರಿಗೆಲ್ಲ ವಾಟ್ಸಾಪ್. ಮನೆಗೇ ಹೋಗಿ, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೈಗೆ ಕೊಡಬೇಕಾದ ಹಿರಿಯರಿಗೆ ಮಾತ್ರ ಕಾರ್ಡ್. ‘60 ಕೊಡಿ’ ಅಂದರೆ ಅಂಗಡಿಯವರು ನಕ್ಕರು. ಖಾಲಿ ಕಾರ್ಡ್ ಅವರಿಗೆ ಹೊರಗಿನಿಂದ ನೂರರ ಕಟ್ಟಿನಲ್ಲಿ ಬರುತ್ತದೆ. ಅದರ ಮೇಲೆ ನಮ್ಮ ಮ್ಯಾಟರ್ ಹೊಡೆಯೋದಷ್ಟೇ ಅವರ ಕೆಲಸ. ಒಡೆದ ಕಟ್ಟಿನ 40 ಕಾರ್ಡ್ ಯಾರಿಗೂ ಬೇಡ. ಲೆಕ್ಕವನ್ನೂ ಅವರೇ ಹಾಕಿ ತೋರಿಸಿದರು. ಕಾರ್ಡಿಗೆ 18 ರೂಪಾಯಿ. ಟೈಪಿಂಗು, ಫಿಲ್ಮು, ಸ್ಕ್ರೀನು, ಕೂಲಿ ಎಲ್ಲ ಸೇರಿ 1,500. ಹತ್ತು ಹೊಡೆದರೂ ಅಷ್ಟೇ, ನೂರು ಹೊಡೆದರೂ ಅಷ್ಟೇ. 60ಕ್ಕೆ 2,580 ಆಗುತ್ತದೆ, ಅಂದರೆ ಒಂದಕ್ಕೆ 43. ನೂರಕ್ಕೆ 3,300, ಒಂದಕ್ಕೆ 33. ‘ಬರೀ 720 ಜಾಸ್ತಿ ಸಾರ್, 40 ಕಾರ್ಡ್ ಬಂತು.’ ಯಾರಿಗೆ ಬಂತು, ಯಾಕೆ ಬಂತು ಅಂತ ಕೇಳುವಷ್ಟರಲ್ಲಿ ಅಕ್ಕ ‘ಸರಿ’ ಅಂದಾಗಿತ್ತು. ಅಕ್ಕ ಮನಸೋತಿದ್ದ ಫೋಟೋದ ಗಣಪತಿಗೆ ಕನಿಷ್ಠ 300 ಅಂತೆ. ಅದಕ್ಕೆ ಲೋಹದ ಬ್ಲಾಕ್ ಮಾಡಿಸಿ, ಬಿಸಿ ಮಾಡಿ, ಬಂಗಾರದ ಹಾಳೆ ಒತ್ತಬೇಕು. ಪೋಸ್ಟಿನಲ್ಲಿ ಈ 300 ಎಲ್ಲೂ ಇರಲಿಲ್ಲ. ಗಣಪತಿ ಮಾತ್ರ ಇದ್ದ.

ಈಗ ‘3 ದಿನ’ಕ್ಕೆ ಬರೋಣ. ಅದು ಪ್ರೂಫಿಗೆ ನಾವು ಓಕೆ ಅಂದ ಮೇಲಿನ 3 ದಿನ. ತಪ್ಪು ಅಂಗಡಿಯವರದಲ್ಲ ಅನ್ನಿ. ಓಕೆ ಆದ ಮೇಲೆ ಫಿಲ್ಮ್ ತೆಗೆದು, ಇಂಕು ಇಳಿಯುವ ಜಾಲರಿಯ ಸ್ಕ್ರೀನ್ ಮಾಡುತ್ತಾರೆ. ಕಾರ್ಡುಗಳನ್ನು ಒಂದೊಂದಾಗಿ ಕೈಯಲ್ಲೇ ಇಟ್ಟು ಹೊಡೆದು, ಒಣಗಲು ಹರಡುತ್ತಾರೆ. ಎರಡನೇ ಬಣ್ಣ ಬೇಕಿದ್ದರೆ ಎರಡನೇ ಸ್ಕ್ರೀನು, ಮತ್ತೊಮ್ಮೆ ಒಣಗಿಸೋದು. ಆಮೇಲೆ ಒಂದು ಅಕ್ಷರ ಬದಲಿಸಿದರೂ ಮೊದಲಿನಿಂದ ಶುರು. ಇಷ್ಟನ್ನು 3 ದಿನದಲ್ಲಿ ಮಾಡೋದು ದೊಡ್ಡದೇ. ಆದರೆ ನಮ್ಮ ಮನೆಯಲ್ಲಿ ಓಕೆ ಅನ್ನಬೇಕಾದವರು ಭಾವ.

ಭಾವ ಪ್ರೂಫ್ ನೋಡುವ ರೀತಿಯೇ ಬೇರೆ. ಫೋನನ್ನು ಮಾರು ದೂರ ಹಿಡಿಯುತ್ತಾರೆ. ಕನ್ನಡಕ ಹಣೆಗೆ ಏರುತ್ತದೆ. ಗಣಪತಿಯಿಂದ ಹಿಡಿದು ‘ಆಶೀರ್ವಾದವೇ ಉಡುಗೊರೆ’ ತನಕ ಜೋರಾಗಿ ಓದುತ್ತಾರೆ. ಆಮೇಲೆ ವಾಯ್ಸ್ ಮೆಸೇಜು: ‘ಎಲ್ಲ ಚೆನ್ನಾಗಿದೆ ಕಣಯ್ಯ, ಒಂದೇ ಒಂದು ಸಣ್ಣದು.’ ಮೊದಲ ಸಣ್ಣದು, ಛತ್ರದ ವಿಳಾಸಕ್ಕೆ ‘ಬಸ್ ಸ್ಟ್ಯಾಂಡ್ ಹತ್ತಿರ’ ಸೇರಿಸೋದು. ಆಮೇಲಿನ ಸಣ್ಣದು, ಹತ್ತಿರ ಅಲ್ಲ, ಎದುರು. ಮತ್ತೊಂದು, ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಹೆಸರಿಗಿಂತ ದಪ್ಪ ಕಾಣ್ತಿದೆ. ಎರಡೂ ಒಂದೇ ಸೈಜು ಭಾವ ಅಂದರೆ, ‘ಸೈಜ್ ಒಂದೇ ಇರಬಹುದು, ಕಾಣೋದು ದಪ್ಪ’ ಅನ್ನುತ್ತಾರೆ. ಡಿಟಿಪಿ ಹುಡುಗ ದೊಡ್ಡಪ್ಪನ ಹೆಸರು ದಪ್ಪ ಮಾಡಿದ. ಈಗ ಚಿಕ್ಕಮ್ಮನ ಕಡೆಯಿಂದ ಫೋನು.

ಒಂದು ತಪ್ಪು ತಿದ್ದಿದರೆ ಇನ್ನೊಂದು ಹುಟ್ಟುತ್ತದೆ, ಅದೇ ಕಷ್ಟ. ನಾವು ಫೋನಿನಲ್ಲಿ ಟೈಪ್ ಮಾಡಿ ಕಳಿಸೋದು ಯೂನಿಕೋಡ್. ಹುಡುಗನ ಹಳೇ ಡಿಸೈನ್ ಸಾಫ್ಟ್‌ವೇರಿಗೆ ಬೇಕಾದ್ದು ಹಳೇ ನುಡಿ ಫಾಂಟ್. ನೇರ ಪೇಸ್ಟ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆ. ಕನ್ವರ್ಟ್ ಮಾಡಿದರೆ ಅರ್ಕಾವತ್ತು ಎಲ್ಲಿಗೋ ಹಾರಿ ಕೂರುತ್ತದೆ. ಆದ್ದರಿಂದ ಅವನು ಪಾಪ ಕೂತು ಹೊಸದಾಗಿ ಟೈಪ್ ಮಾಡುತ್ತಾನೆ. ‘ಎದುರು’ ಸರಿ ಮಾಡಿದ ದಿನ ‘ಮುಹೂರ್ತ’ದ ಅರ್ಕಾವತ್ತು ಮಾಯವಾಗಿ ‘ಮುಹೂತ’ ಆಯಿತು. ಅದೂ ವಾಟ್ಸಾಪ್ ಫೋಟೋದಲ್ಲಿ ಕಾಣೋದಿಲ್ಲ, ಮಸುಕು. ಪಿಡಿಎಫ್ ತರಿಸಿಕೊಂಡು ದೊಡ್ಡದು ಮಾಡಿ ನೋಡಬೇಕು. ಪ್ರತಿ ಸಲವೂ ತಿದ್ದಿದ ಸಾಲನ್ನಷ್ಟೇ ಅಲ್ಲ, ಪೂರ್ತಿ ಓದಬೇಕು. ತಾರೀಖಿನ ಪಕ್ಕದ ವಾರವನ್ನು ಕ್ಯಾಲೆಂಡರಿಗೆ ಹೋಲಿಸಬೇಕು.

ಕೊನೆಗೆ ಭಾವನ ಮೇಲೆ ರೇಗಿಬಿಡೋಣ ಅಂದುಕೊಂಡೆ. ಆಷಾಢಕ್ಕೆ ಮುಂಚೆ ಎಲ್ಲರ ಮದುವೆಯೂ ಒಟ್ಟಿಗೇ ಬಂದು ಅಂಗಡಿ ತುಂಬಿಹೋಗಿದೆ, ನಮ್ಮ ಸರದಿ ದಿನದಿನಕ್ಕೂ ಹಿಂದೆ ಹೋಗುತ್ತಿದೆ. ಆಗ ಮತ್ತೆ ಬಂತು, ‘ಒಂದೇ ಒಂದು ಸಣ್ಣದು.’ ಈ ಸಲ ದನಿ ಮೆತ್ತಗಿತ್ತು. ಅವರ ಅಮ್ಮನ ಹೆಸರು ಬಿಟ್ಟುಹೋಗಿತ್ತು. ‘ಮೊಮ್ಮಗಳ ಮದುವೆ ನೋಡ್ಬೇಕು ಅಂತಿದ್ಲು. ಮೇಲುಗಡೆ ಎಲ್ಲಾದ್ರೂ ದಿವಂಗತ ಅಂತ ಹಾಕಿ, ಜಾಗ ಇದ್ರೆ.’ ಜಾಗ ಇರಲಿಲ್ಲ. ಹುಡುಗ ಒಂದು ಮಾತೂ ಆಡದೆ ಬಳ್ಳಿಯೊಂದನ್ನು ಕಿತ್ತುಹಾಕಿ ಅಜ್ಜಿಯನ್ನು ಕೂರಿಸಿದ. ರಾಹುಲ್ ಪೂಜಾ ಕಾರ್ಡಿನಲ್ಲಿ ಅಜ್ಜಿಗೆ ಜಾಗವೇ ಇರಲಿಲ್ಲ ಅನ್ನೋದು ಆಗ ಹೊಳೆಯಿತು.

ಅದಕ್ಕೆ ಓಕೆ ಬಿತ್ತು. ಹೇಳಿದಂತೆ 3ನೇ ದಿನ ಕಾರ್ಡ್ ರೆಡಿ! ತರಲು ಭಾವನೂ ಬಂದಿದ್ದರು. ನಾನು ಅಂಗಡಿಯವರಿಗೆ ಬುದ್ಧಿ ಹೇಳಿದೆ: ‘ಪ್ರೂಫ್ ಓಕೆ ಆದ ಮೇಲೆ 3 ದಿನ, ಬಂಗಾರದ ಗಣಪತಿಗೆ 300, ಕಾರ್ಡ್ ನೂರರ ಕಟ್ಟಿನಲ್ಲಿ ಮಾತ್ರ. ಇಷ್ಟನ್ನೂ ಫೋಟೋ ಕೆಳಗೆ ಬರೀರಿ.’

‘ಅಷ್ಟೆಲ್ಲ ಬರೆದ್ರೆ ಲಗ್ನಪತ್ರಿಕೆಗಿಂತ ಉದ್ದ ಆಗುತ್ತೆ ಸಾರ್. ಅದಕ್ಕೂ ಪ್ರೂಫ್ ನೋಡೋರು ಬೇಕಾಗ್ತಾರೆ.’

‘ಕಳಿಸಿ, ನಾನು ನೋಡ್ತೀನಿ’ ಅಂದರು ಭಾವ, ಕನ್ನಡಕ ಹಣೆಗೆ ಏರಿಸುತ್ತಾ.