ಬಾಣದ ಬುಡ ಎಲ್ಲಿ ಮಾರಾಯ?

ನಮ್ಮ ಹಿರಿಯ ಮೇಷ್ಟ್ರು ಬರೆದುಕೊಟ್ಟ ಪಾಠದಲ್ಲಿ ಸೂರ್ಯ ಹುಟ್ಟುವುದಕ್ಕೇ ಒಂದೂವರೆ ನಿಮಿಷ ಬೇಕಿತ್ತು. ‘ಸಕಲ ಜೀವರಾಶಿಗೆ ಆಧಾರನಾದ ಭಾಸ್ಕರನು ತನ್ನ ಸಹಸ್ರ ಕಿರಣಗಳಿಂದ’ ಎಂದು ಶುರುವಾಗಿ, ಎಲೆ ಎಂಬ ಪದ ಬರುವಾಗ ಪುಟ ಮುಗಿಯುತ್ತಿತ್ತು. ಯಕ್ಷಗಾನದ ಒಡ್ಡೋಲಗಕ್ಕಾದರೆ ಸರಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಆರು ನಿಮಿಷದ ವಿಡಿಯೋಗೆ ಸ್ವಲ್ಪ ಜಾಸ್ತಿ.

ಕೆಲಸ ಹಂಚಿಕೊಂಡದ್ದು ಹೀಗೆ. ಪಾಠ ಮತ್ತು ಧ್ವನಿ ಮೇಷ್ಟ್ರದ್ದು. ಚಿತ್ರ, ಎಡಿಟಿಂಗ್ ಎಲ್ಲ ನನ್ನ ತಂಗಿಯ ಮಗನದ್ದು. ಅವನು ಮಣಿಪಾಲದಲ್ಲಿ ಅನಿಮೇಷನ್ ಕೆಲಸ ಮಾಡುತ್ತಾನೆ, ವಿಜ್ಞಾನ ಬಿಟ್ಟು ಹತ್ತು ವರ್ಷ ಆಗಿದೆ. ಅವರಿಬ್ಬರ ನಡುವೆ ಸ್ಕ್ರಿಪ್ಟ್ ಬರೆಯುವುದು ನಾನು. ಮೇಷ್ಟ್ರಿಗೆ ಚಿತ್ರ ಕಾಣುವುದಿಲ್ಲ, ಹುಡುಗನಿಗೆ ಪಾಠ ಕೇಳುವುದಿಲ್ಲ. ಬೈಗುಳ ಮಾತ್ರ ಎರಡೂ ಕಡೆಯಿಂದ ನನಗೆ.

ಪುಟಕ್ಕೆ ನಡುವೆ ಗೆರೆ ಎಳೆದೆ. ಬಲಕ್ಕೆ ಕೇಳಿಸುವುದು, ಎಡಕ್ಕೆ ಕಾಣಿಸುವುದು. ಸ್ಕ್ರೀನ್ ಮೇಲಿನ ಅಕ್ಷರಗಳೂ ಎಡಕ್ಕೇ. ಮೇಷ್ಟ್ರು ಕ್ಲಾಸಿನಲ್ಲಿ ಮಾತಾಡುವ ವೇಗಕ್ಕೆ ನಿಮಿಷಕ್ಕೆ ತೊಂಬತ್ತು ಪದ ಎಂದು ಹಿಡಿದರೆ, ಆರು ನಿಮಿಷಕ್ಕೆ ಐನೂರ ನಲವತ್ತು. ಅದರಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ಜಾಗ, ಸುಮ್ನೆ ಚಿತ್ರ ನೋಡುವ ಜಾಗ ಕಳೆದರೆ ನಾನೂರೈವತ್ತು ಉಳಿದರೆ ದೊಡ್ಡದು. ಭಾಸ್ಕರನ ಸಹಸ್ರ ಕಿರಣಗಳಲ್ಲಿ ಎರಡನ್ನು ಉಳಿಸಿಕೊಂಡು ಬಾಕಿ ಎಲ್ಲ ತೆಗೆದೆ. ಮೇಷ್ಟ್ರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಮಾತಾಡಿದ್ದು ಇನ್ನೊಂದು ಬೇಡಿಕೆ ಇಡುವುದಕ್ಕೆ. “ನಾನು ಹೇಳಿದ್ದು ಅಷ್ಟೂ ಸ್ಕ್ರೀನಿನಲ್ಲಿ ಬರ್ಲಿ ಟೀಚರ್. ಮಕ್ಕಳು ಬರ್ಕೊಳ್ತಾರೆ.”

ಬರೆದುಕೊಳ್ಳುತ್ತಾರೆ, ನಿಜ. ಆದರೆ ಚಿತ್ರ ನೋಡುವುದು ಯಾರು? ಓದುವುದಕ್ಕೂ ಚಿತ್ರ ನೋಡುವುದಕ್ಕೂ ಇರುವುದು ಅದೇ ಎರಡು ಕಣ್ಣು. ರಿಚರ್ಡ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಚಿತ್ರದ ಜೊತೆ ಮಾತು ಇದ್ದರೆ ಚೆನ್ನಾಗಿ ಕಲಿಯುತ್ತಾರೆ. ಅದೇ ಮಾತನ್ನು ಮತ್ತೆ ಅಕ್ಷರದಲ್ಲೂ ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ. ಹಾಗಾಗಿ ಸ್ಕ್ರೀನಿನಲ್ಲಿ ಹೆಸರು ಮಾತ್ರ ಬರಲಿ, ವಾಕ್ಯ ಬೇಡ ಎಂದು ತೀರ್ಮಾನ ಮಾಡಿದೆವು. ಪತ್ರಹರಿತ್ತು, ಪತ್ರರಂಧ್ರ, ಗ್ಲೂಕೋಸ್. ಪರೀಕ್ಷೆಯಲ್ಲಿ ಕಾಗುಣಿತ ತಪ್ಪದೆ ಬರೆಯಬೇಕಾದ ಪದಗಳು. ಅದೂ ಆಯಾ ಭಾಗದ ಪಕ್ಕದಲ್ಲೇ, ಮೇಷ್ಟ್ರು ಆ ಪದ ಹೇಳುವ ಹೊತ್ತಿಗೇ.

ಮೊದಲ ಪದವೇ ಕೈಕೊಟ್ಟಿತು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ‘ದ್ಯುತಿಸಂಶ್ಲೇಷಣೆ’ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಬಿಡಿಸಿಕೊಂಡು ಸಾಲಾಗಿ ನಿಂತವು. ‘ದ್‌ಯುತಿಸಂಶ್‌ಲೇಷಣೆ’. ಹುಡುಗನಿಗೆ ಏನೂ ಅನ್ನಿಸಲಿಲ್ಲ. “ಓದ್ಲಿಕ್ಕೆ ಆಗ್ತದಲ್ಲ ದೊಡ್ಡಮ್ಮ?” ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆಯೇ ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಸರಿಯಾಗುತ್ತದೆ. ಅದಾಗದಿದ್ದರೆ ಪದವನ್ನು ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ತಂದು ಅಂಟಿಸಬೇಕು.

ಇಷ್ಟರವರೆಗೆ ಎಲ್ಲ ಸಸಾರ. ನಿಜವಾದ ಗಲಾಟೆ ಬಾಣಗಳದ್ದು.

ಮೇಷ್ಟ್ರ ಪುಟದಲ್ಲಿ ಚಿತ್ರದ ಸೂಚನೆ ಎಂದು ಒಂದೇ ಸಾಲು ಇತ್ತು: ‘ನೀರು ಒಳಗೆ, ಕಾರ್ಬನ್ ಡೈಆಕ್ಸೈಡ್ ಒಳಗೆ, ಬೆಳಕು ಒಳಗೆ, ಆಕ್ಸಿಜನ್ ಹೊರಗೆ.’ ನಾನು ಅದನ್ನು ಬಿಡಿಸಿ ಬರೆಯುವ ಮೊದಲೇ ಹುಡುಗ ಹುರುಪಿನಲ್ಲಿ ಚಿತ್ರ ಮಾಡಿಬಿಟ್ಟಿದ್ದ. ಚೆಂದ ಇತ್ತು, ಸುಳ್ಳು ಹೇಳಬಾರದು. ಹೊರಗೆ ಆಷಾಢದ ಮಳೆ, ಅವನ ಚಿತ್ರದಲ್ಲೂ ಮಳೆ. ಹನಿ ಎಲೆಯ ಮೇಲೆ ಬಿದ್ದು ಅಲ್ಲಿಂದಲೇ ಒಳಗೆ ಇಳಿಯುತ್ತಿತ್ತು.

“ಬೇರು ಎಂತಕ್ಕೆ ಮತ್ತೆ?” ಎಂದೆ.

“ಗಿಡ ಬೀಳದ ಹಾಗೆ ಹಿಡ್ಕೊಳ್ಲಿಕ್ಕೆ ಅಲ್ವಾ?”

ಆ ಬಾಣವನ್ನು ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಎಲೆಯ ನರಕ್ಕೆ ತಂದೆವು. ಬೆಳಕಿಗೂ ಅವನು ನೀರಿನಂಥದೇ ದಪ್ಪ ಬಾಣ ಹಾಕಿದ್ದ. ನೋಡಿದ ಮಗು ಬೆಳಕನ್ನೂ ಒಂದು ಸಾಮಾನು ಅಂದುಕೊಳ್ಳುತ್ತದೆ. ಬೆಳಕು ಶಕ್ತಿ, ಅದರಲ್ಲಿ ಪರಮಾಣು ಇಲ್ಲ, ಸಕ್ಕರೆಯೊಳಗೆ ಅದರ ತುಂಡು ಸೇರುವುದಿಲ್ಲ. ಅದಕ್ಕೆ ಹಳದಿ ಬಣ್ಣದ ಅಲೆ ಗೆರೆ ಮಾಡಿ, ಎಲೆಯೊಳಗಿನ ಹಸಿರು ಕಣವಾದ ಹರಿದ್ರೇಣುವಿನ ಮೇಲೆ ನಿಲ್ಲಿಸಿದೆವು.

ಮೂರನೆಯದು ಆಕ್ಸಿಜನ್. ಹುಡುಗನ ಚಿತ್ರದಲ್ಲಿ ಕಾರ್ಬನ್ ಡೈಆಕ್ಸೈಡ್ ಪತ್ರರಂಧ್ರದಿಂದ ಒಳಗೆ ಬರುತ್ತದೆ. ಕಾರ್ಬನ್ ಒಳಗೆ ಉಳಿಯುತ್ತದೆ. ಎರಡು ಆಕ್ಸಿಜನ್ ಕೈ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ ಹೊರಗೆ ಹೋಗುತ್ತವೆ. ನೋಡಿದವರಿಗೆಲ್ಲ ಖುಷಿ. ಮೇಷ್ಟ್ರಿಗಂತೂ ಬಹಳ ಖುಷಿ.

ಆದರೆ ಗಿಡ ಹೊರಗೆ ಬಿಡುವ ಆಕ್ಸಿಜನ್ ಬರುವುದು ನೀರಿನಿಂದ, ಕಾರ್ಬನ್ ಡೈಆಕ್ಸೈಡಿನಿಂದ ಅಲ್ಲ. 1941ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ಯಾಮ್ಯುಯೆಲ್ ರುಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಯವರು ಇದನ್ನು ತೋರಿಸಿದರು. ಆಕ್ಸಿಜನ್-18 ಎಂದರೆ ಸಾಮಾನ್ಯ ಆಕ್ಸಿಜನ್ನಿಗಿಂತ ಸ್ವಲ್ಪ ಭಾರದ ಆಕ್ಸಿಜನ್. ಅದು ಜಾಸ್ತಿ ಇರುವ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಗಾಳಿಯಲ್ಲಿ ಭಾರದ ಆಕ್ಸಿಜನ್ನಿನ ಪ್ರಮಾಣ ನೀರಿನದಕ್ಕೆ ಹೊಂದಿತು.

ಇದನ್ನು ಹೇಳಿದರೆ ಮೇಷ್ಟ್ರು ಬೋರ್ಡಿನಲ್ಲಿ ತಮ್ಮ ಹಳೆಯ ಸಮೀಕರಣ ಬರೆದರು.

6CO₂ + 6H₂O → C₆H₁₂O₆ + 6O₂

“ಇಲ್ಲಿ ನೀರಿನಲ್ಲಿ ಇರುವುದೇ ಆರು ಆಕ್ಸಿಜನ್ ಟೀಚರ್. ಹೊರಗೆ ಹೋಗುವುದು ಹನ್ನೆರಡು. ಬಾಕಿ ಆರು ಎಲ್ಲಿಂದ? ನಿಮ್ಮ ಮನೆಯಿಂದ ತರ್ತೀರಾ?”

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ. ಅಲ್ಲಿ ನೀರು ಆರಲ್ಲ, ಹನ್ನೆರಡು.

6CO₂ + 12H₂O → C₆H₁₂O₆ + 6O₂ + 6H₂O

ಇದನ್ನು ಮಾತಿನಲ್ಲಿ ಹೇಳಿದರೆ ತಲೆ ತಿರುಗುತ್ತದೆ, ಬಣ್ಣದಲ್ಲಿ ತೋರಿಸಿದರೆ ಮುಗಿಯುತ್ತದೆ. ಎಡಗಡೆಯ ಅಂಕಣದಲ್ಲಿ ಹೀಗೆ ಬರೆದುಕೊಟ್ಟೆ: ನೀರಿನ ಆಕ್ಸಿಜನ್ ನೀಲಿ, ಕಾರ್ಬನ್ ಡೈಆಕ್ಸೈಡಿನ ಆಕ್ಸಿಜನ್ ಕೆಂಪು, ಕೊನೆಯವರೆಗೂ ಬಣ್ಣ ಬದಲಾಗಬಾರದು. ಮೇಷ್ಟ್ರು ‘ಒಡೆಯುತ್ತದೆ’ ಎನ್ನುವಾಗ ಎರಡು ನೀರಿನ ಅಣು ಒಡೆಯಬೇಕು. ಎರಡು ನೀಲಿ ಸೇರಿ ಒಂದು ಜೋಡಿ. ‘ಹೊರಗೆ’ ಎನ್ನುವಾಗ ಬಾಣ ಹೊರಡಬೇಕು, ಬುಡ ನೀರಿನಲ್ಲಿ, ಮೊನೆ ಪತ್ರರಂಧ್ರದ ಹೊರಗೆ. ಮುಂದಿನ ವಾಕ್ಯ ಶುರುವಾಗುವ ಮೊದಲು ಬಾಣ ಮಾಯ.

ಹನ್ನೆರಡು ನೀಲಿ ಆರು ಜೋಡಿಯಾಗಿ ಹೋದವು. ಕೆಂಪು ಹನ್ನೆರಡಿದ್ದವಲ್ಲ? ಆರು ಗ್ಲೂಕೋಸಿಗೆ ಸೇರಿದವು. ಇನ್ನು ಆರು, ನೀರಿನಿಂದ ಬಿಡುಗಡೆಯಾದ ಹೈಡ್ರೋಜನ್ ಹಿಡಿದುಕೊಂಡು ಹೊಸ ನೀರಾದವು. ಹೈಡ್ರೋಜನ್ ಇಪ್ಪತ್ತನಾಲ್ಕರಲ್ಲಿ ಹನ್ನೆರಡು ಗ್ಲೂಕೋಸಿಗೆ, ಹನ್ನೆರಡು ಹೊಸ ನೀರಿಗೆ. ಎಲ್ಲೂ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಮೇಷ್ಟ್ರು ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮತ್ತೆ “ಚಾ ಕುಡಿಯುವನಾ?” ಎಂದರು. ಅವರು ಒಪ್ಪಿಕೊಳ್ಳುವ ರೀತಿ ಅದು.

ಸ್ಕ್ರಿಪ್ಟಿನಲ್ಲಿ ‘ಬಾಣ ಬರಲಿ’ ಎಂದು ಬರೆದರೆ ಏನೂ ಬರೆದ ಹಾಗಲ್ಲ. ಬುಡ ಎಲ್ಲಿ, ಮೊನೆ ಎಲ್ಲಿ, ಯಾವ ಪದಕ್ಕೆ ಬರುತ್ತದೆ, ಯಾವಾಗ ಹೋಗುತ್ತದೆ. ಈ ನಾಲ್ಕು ಇಲ್ಲದಿದ್ದರೆ ಚಿತ್ರ ಮಾಡುವವನು ತನಗೆ ಚೆಂದ ಕಂಡಲ್ಲಿ ಇಡುತ್ತಾನೆ. ಅವನ ತಪ್ಪೇನಿಲ್ಲ. ಆಮೇಲಾಮೇಲೆ ಹುಡುಗನೇ ಫೋನ್ ಮಾಡಿ “ಬುಡ ಎಲ್ಲಿ ದೊಡ್ಡಮ್ಮ?” ಎಂದು ಕೇಳತೊಡಗಿದ. ಬಸ್ಸಿನಲ್ಲಿ ಇದ್ದಾಗ ನಾನು ಗಟ್ಟಿಯಾಗಿ “ಬುಡ ನೀರಿನಲ್ಲಿ, ನೀರಿನಲ್ಲಿ!” ಎಂದದ್ದಕ್ಕೆ ಪಕ್ಕದ ಹೆಂಗಸು ಗಾಬರಿಯಿಂದ “ಎಲ್ಲಿ ನೆರೆ ಬಂತು?” ಎಂದು ಕೇಳಿದರು.

ಚಿತ್ರವಾಯಿತು, ಇನ್ನು ನಿಜವಾದ ಗುಳ್ಳೆ ಬೇಕಿತ್ತು. ಹೈಡ್ರಿಲ್ಲಾ ಪ್ರಯೋಗ ಎಲ್ಲರಿಗೂ ಗೊತ್ತು. ಬೀಕರಿನ ನೀರಿನಲ್ಲಿ ಹೈಡ್ರಿಲ್ಲಾ ಗಿಡ, ಮೇಲೆ ಬೋರಲು ಹಾಕಿದ ಆಲಿಕೆ, ಅದರ ಮೇಲೆ ನೀರು ತುಂಬಿದ ಪ್ರನಾಳ. ಕೆರೆಯಿಂದ ಹೈಡ್ರಿಲ್ಲಾ ತಂದದ್ದೂ ಆಯಿತು. ಆದರೆ ಉಡುಪಿಯ ಜುಲೈಯಲ್ಲಿ ಬಿಸಿಲು ತರುವುದು ಎಲ್ಲಿಂದ? ಕ್ಯಾಮೆರಾ ಇಟ್ಟು ಮೂವರೂ ಕೂತೆವು. ಒಂದು ಗುಳ್ಳೆ ಬಂದು, ಮತ್ತೊಂದು ಬರುವಷ್ಟರಲ್ಲಿ ಮೇಷ್ಟ್ರಿಗೆ ಜೊಂಪು ಹತ್ತಿತ್ತು.

“ದೊಡ್ಡಮ್ಮ, ಸ್ವಲ್ಪ ಗೋಲಿ ಸೋಡಾ ಹಾಕಿದ್ರೆ? ಗುಳ್ಳೆ ಬೇಕಾದಷ್ಟು ಬರ್ತದೆ.”

ಬರುತ್ತದೆ. ಅದು ಕಾರ್ಬನ್ ಡೈಆಕ್ಸೈಡ್. ಗಿಡ ಒಳಗೆ ತೆಗೆದುಕೊಳ್ಳುವುದನ್ನೇ ಹೊರಗೆ ಬಿಟ್ಟ ಹಾಗೆ ತೋರಿಸಿದಂತಾಗುತ್ತದೆ. ಮಿನುಗುವ ಕಡ್ಡಿ ಹಿಡಿದರೆ ಆಕ್ಸಿಜನ್ನಿನಲ್ಲಿ ಉರಿದೇಳಬೇಕಾದದ್ದು ಇಲ್ಲಿ ಪೂರ್ತಿ ಆರುತ್ತದೆ. ಅಡುಗೆ ಸೋಡಾ ಒಂದು ಚಿಟಿಕೆ ಹಾಕುವುದು ಬೇರೆ. ಅದು ನೊರೆ ಬರಿಸುವುದಿಲ್ಲ, ನೀರಿನಲ್ಲಿ ಕರಗಿ ಗಿಡಕ್ಕೆ ಬೇಕಾದ ಕಾರ್ಬನ್ ಒದಗಿಸುತ್ತದೆ. ಅದನ್ನು ಹಾಕಿ, ಟೇಬಲ್ ಲ್ಯಾಂಪನ್ನು ಬೀಕರಿನ ಹತ್ತಿರ ತಂದಿಟ್ಟೆವು. ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಗುಳ್ಳೆ ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಕರೆಂಟ್ ಬಂದ ಮೇಲೆ ಮತ್ತೆ ಶುರುವಾಯಿತು. ಕ್ಯಾಮೆರಾ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಬೆಳಕು ಬೇಕೇ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಟ್ ಇಲ್ಲ, ಹಾಗೆಯೇ ಇಟ್ಟುಕೊಂಡೆವು.

ಗುಳ್ಳೆ ಎಲೆಯ ತುದಿಯಿಂದ ಬರುವುದಿಲ್ಲ, ಕಾಂಡದ ಕತ್ತರಿಸಿದ ತುದಿಯಿಂದ ಬರುತ್ತದೆ. ಆ ತುದಿ ಆಲಿಕೆಯ ಕೊಳವೆಯ ಕಡೆಗೆ ಇರಬೇಕು. ಹುಡುಗನ ಅನಿಮೇಷನ್ ಗುಳ್ಳೆಗಳು ಎಲೆಯಿಂದಲೇ ಹೊರಡುತ್ತಿದ್ದವು. ಈ ಸಲ ಬುಡವನ್ನು ಅವನೇ ಸರಿಮಾಡಿದ.

ಕ್ಲಾಸಿನಲ್ಲಿ ಹಾಕಿದ ದಿನ ಇನ್ನೊಂದು ತೊಂದರೆ ಕಂಡಿತು. ಹಲವು ಭಾಗಗಳೂ ಅವುಗಳ ಪಕ್ಕದ ಹೆಸರುಗಳೂ ಸ್ಕ್ರೀನಿನ ಕೆಳಗಡೆ ಇದ್ದವು. ಹಿಂದಿನ ಬೆಂಚಿನವರಿಗೆ ಮುಂದಿನವರ ತಲೆ ಅಡ್ಡ. ‘ಇಲ್ಲಿ ನಿಲ್ಲಿಸಿ’ ಎಂದು ಬರೆದ ಜಾಗದಲ್ಲಿ ನಿಲ್ಲಿಸಿದರೆ, ಕೆಳಗೆ ಮೂಡುವ ಪಟ್ಟಿ ‘ಪತ್ರರಂಧ್ರ’ವನ್ನು ಮುಚ್ಚಿಹಾಕಿತು. ಪ್ರಶ್ನೆ ಇದ್ದದ್ದು ‘ಈ ಭಾಗದ ಹೆಸರೇನು?’ ಎಂದೇ ಆದ್ದರಿಂದ ಅಲ್ಲಿಗೆ ಅದು ಉಪಕಾರವೇ ಆಯಿತು. ಉಳಿದ ಭಾಗಗಳನ್ನೆಲ್ಲ ಹೆಸರಿನ ಸಮೇತ ಮೇಲಿನ ಅರ್ಧಕ್ಕೆ ಏರಿಸಲು ಹೇಳಿದೆ.

ಸಮೀಕರಣ ಬಂದಾಗ ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. “ಟೀಚರ್, ಹನ್ನೆರಡು ನೀರು ಹಾಕಿ ಆರು ವಾಪಸ್ ಬರುವುದಾದ್ರೆ, ಮೊದಲೇ ಆರು ಹಾಕಿದ್ರೆ ಸಾಕಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ಕೂತಿದ್ದ ಮೇಷ್ಟ್ರು ಎದ್ದರು. “ವಾಪಸ್ ಬಂದದ್ದು ಹಾಕಿದ ನೀರಲ್ಲ ಮಗಾ, ಹೊಸ ನೀರು. ಬಣ್ಣ ನೋಡು, ಅದರ ಆಕ್ಸಿಜನ್ ಕೆಂಪು.” ಮತ್ತೆ ಪೂರಾ ಕ್ಲಾಸಿನ ಕಡೆ ತಿರುಗಿ, “ಇದನ್ನು ನಾನು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇನೆ” ಎಂದರು.