ಎರಡು ಸಾಲಿನ ಪತ್ರ, ನಾಲ್ಕು ತಿಂಗಳ ತಿರುಗಾಟ

ಬಾಡಿಗೆ ಎಣಿಸುವಾಗ ನಮ್ಮ ಮನೆ ಮಾಲಕರ ಕೈ ಒಂಚೂರೂ ನಡುಗುವುದಿಲ್ಲ. ಬೆರಳಿಗೆ ಉಗುಳು ಹಚ್ಚಿ ಎರಡೆರಡು ಸಲ ಎಣಿಸುತ್ತಾರೆ. ಅದೇ ಕೈಗೆ ಪೆನ್ನು ಕೊಟ್ಟು ಒಂದು ಸಹಿ ಹಾಕ್ರಿ ಅಂದರೆ ಮಾತ್ರ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಲು ಶುರು ಮಾಡುತ್ತಾರೆ.

ಸುರಪುರದಿಂದ ಕೆಲಸಕ್ಕೆ ಅಂತ ಕಲಬುರಗಿಗೆ ಬಂದು ನಾಲ್ಕು ತಿಂಗಳಾಯಿತು. ಸೇಡಂ ರಸ್ತೆ ಕಡೆ ಮಹಡಿ ಮೇಲಿನ ಮನೆ. ಮುಂಗಡ 50,000, ಬಾಡಿಗೆ 7,500. ಎಲ್ಲಾ ನಗದು. ಬರುವಾಗಲೇ ಬಾಡಿಗೆ ಕರಾರು ಮಾಡಿಸೋಣ ಅಂದಿದ್ದೆ. "ನಮ್ ನಿಮ್ ನಡುವ ಕಾಗದ ಯಾಕ ತಮ್ಮಾ? ಬಾಯಿಮಾತ ಸಾಕು" ಅಂದರು. ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ನನ್ನ ಬುದ್ಧಿಗೆ ಏನನ್ನಬೇಕು!

ಮೊದಲ ವಾರವೇ ಗ್ಯಾಸ್ ಏಜೆನ್ಸಿಗೆ ಹೋದೆ. ಊರಿನ ಸಿಲಿಂಡರ್ ಅಪ್ಪನ ಹೆಸರಲ್ಲಿದೆ, ಅಲ್ಲೇ ಬೇಕು. ಹಾಗಾಗಿ ನಮಗೆ ಹೊಸ ಕನೆಕ್ಷನ್ನೇ ಆಗಬೇಕು. ದೊಡ್ಡ ಸಿಲಿಂಡರ್‌ಗೆ 2,200, ರೆಗ್ಯುಲೇಟರ್‌ಗೆ 250 ಡಿಪಾಸಿಟ್, ದುಡ್ಡು ಜೇಬಿನಲ್ಲೇ ಇತ್ತು. ಆದರೆ ನನ್ನ ಆಧಾರ್‌ನಲ್ಲಿ ಸುರಪುರದ ವಿಳಾಸ. ಈಗಿರುವ ಮನೆಗೆ ಪುರಾವೆ ಬೇಕು ಅಂದರು. ಬಾಡಿಗೆ ಕರಾರು ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದಿಲ್ಲವಲ್ಲ. ಹಾಗಾದರೆ ಮಾಲಕರ ಎನ್‌ಒಸಿ ತನ್ನಿ, ಜೊತೆಗೆ ಮನೆಯ ಕರೆಂಟ್ ಬಿಲ್ಲಿನ ಜೆರಾಕ್ಸ್ ತನ್ನಿ ಅಂದರು.

ಏಜೆನ್ಸಿಯ ಹುಡುಗ ಇನ್ನೊಂದು ಮಾತು ಹೇಳಿದ. ಅದೇ ಮನೆ ನಂಬರಿಗೆ ಕೆಳಗೆ ಮಾಲಕರ ಹೆಸರಲ್ಲಿ ಕನೆಕ್ಷನ್ ಇದೆ. ನಿಯಮದ ಪ್ರಕಾರ ಒಂದು ಕುಟುಂಬಕ್ಕೆ ಒಂದೇ ಮನೆಬಳಕೆ ಕನೆಕ್ಷನ್. ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ನಮ್ಮದು ಬೇರೆ ಒಲೆ, ಬೇರೆ ಸಂಸಾರ ಅಂತ ಕಾಗದದಲ್ಲಿ ಕಾಣಬೇಕು. ಬರೀ "ನನ್ನ ಅಭ್ಯಂತರವಿಲ್ಲ" ಅಂತ ಬರೆಸಿದರೆ ಸಾಲದು, ಮಹಡಿ ಮತ್ತು ಅಡುಗೆಮನೆ ಎರಡನ್ನೂ ಬರೆಸಿ ಅಂದ. ಸರಿ, ಮಾಲಕರಿಗೆ ತ್ರಾಸು ಬೇಡ ಅಂತ ನಾನೇ ಬರೆದೆ:

"ಈ ಮೇಲಿನ ವಿಳಾಸದ ಮೊದಲ ಮಹಡಿಯಲ್ಲಿ ಇವರು ನನ್ನ ಬಾಡಿಗೆದಾರರಾಗಿ ಇದ್ದಾರೆ, ಇವರ ಅಡುಗೆಮನೆ ಬೇರೆ ಇದೆ. ಇವರು ಇಲ್ಲಿ ವಾಸವಿರುವವರೆಗೆ ಈ ವಿಳಾಸಕ್ಕೆ ಗ್ಯಾಸ್ ಸಂಪರ್ಕ ಪಡೆಯಲು ನನ್ನ ಅಭ್ಯಂತರವಿಲ್ಲ."

ಎರಡೇ ಎರಡು ಸಾಲು. ಇದಕ್ಕೆ ಸಹಿ ಬೇಕಿತ್ತು, ಅಷ್ಟೇ.

ಮೊದಲನೇ ಸಲ, "ಅಮಾಸಿ ಆಗಲಿ." ಎರಡನೇ ಸಲ, "ಮಗ ಪುಣೆಯಿಂದ ಬರಲಿ." ಮಗ ಬಂದ, ಉಂಡ, ಹೋದ. ಮೂರನೇ ಸಲ ಹೊಟ್ಟೆಯೊಳಗಿನ ಮಾತು ಹೊರಗೆ ಬಂತು. "ಬರ್ದು ಕೊಟ್ಟಿವಿ ಅಂದ್ರ, ನಾಳಿ ಮನಿ ನಂದೇ ಅಂತ ಕುಂತ್ರ ನಾ ಏನ್ ಮಾಡ್ಲಿ? ಹನ್ನೆರಡು ವರ್ಷ ಕುಂತವ್ರಿಗೆ ಮನಿ ಹೋಗ್ತದಂತ."

ಹನ್ನೆರಡು ತಿಂಗಳೇ ಇರುತ್ತೇನೋ ಇಲ್ಲವೋ, ಹನ್ನೆರಡು ವರ್ಷವಂತೆ! ಕೋಪ ನೆತ್ತಿಗೇರಿತು. ಆದರೂ ಕೂತು ಬಿಡಿಸಿ ಹೇಳಿದೆ. "ಕಾಕಾ, ಆ ಹನ್ನೆರಡು ವರ್ಷದ ಮಾತು ಮಾಲಕನ ಹಕ್ಕೇ ಒಪ್ಪದೆ, ಅವನಿಗೆ ಎದುರಾಗಿ ಜಾಗ ಹಿಡಿದು ಕೂತವ್ರಿಗ್ರೀ. ನಾ ನಿಮ್ಮನ್ನ ಮಾಲಕರು ಅಂತ ಒಪ್ಪಿ ಬಾಡಿಗಿ ಕೊಡ್ಲಕತ್ತೀನಿ. ಬಾಡಿಗಿಗೆ ಬಂದವ ಮನ್ಯಾಗಿದ್ದುಕೊಂಡೇ ಮಾಲಕನ ಹಕ್ಕು ಸುಳ್ಳು ಅನ್ನಲಿಕ್ಕೆ ಕಾನೂನು ಬಿಡಂಗಿಲ್ಲ." ನಿಜ ಹೇಳಬೇಕೆಂದರೆ ಆ ಪತ್ರದಿಂದ ಲಾಭ ಅವರಿಗೇ ಜಾಸ್ತಿ. ಅದರಲ್ಲಿ "ಬಾಡಿಗೆದಾರ" ಅನ್ನುವ ಪದ ಇದೆ. ಅದನ್ನು ನಾನೇ ಹಿಡಿದುಕೊಂಡು ಹೋಗಿ ಏಜೆನ್ಸಿಗೆ ಕೊಡುತ್ತೇನೆ. ನಾಳೆ ನಾನು ತಕರಾರು ತೆಗೆದರೆ ನನ್ನ ಬಾಯಿ ಮುಚ್ಚಿಸಲು ಅದೇ ಸಾಕು. ಈಗ ಅವರ ಹತ್ತಿರ ಏನಿದೆ? ಕರಾರಿಲ್ಲ, ರಸೀದಿಯಿಲ್ಲ. ಹೆದರುವುದಾದರೆ ಇದಕ್ಕೆ ಹೆದರಬೇಕಿತ್ತು, ಅಲ್ವಾ?

ಎಲ್ಲಾ ಕೇಳಿದರು, ತಲೆ ಆಡಿಸಿದರು. ಸಹಿ ಮಾತ್ರ ಇಲ್ಲ.

ಆಮೇಲೆ ಕೆಳಗಿನ ಕಾಕು ಮಾತಿನ ಓಘದಲ್ಲಿ ಅಂದಾಗ ನಿಜ ಗೊತ್ತಾಯಿತು. ಕರೆಂಟ್ ಬಿಲ್ ಇನ್ನೂ ಮಾಲಕರ ತೀರಿಹೋದ ಅಪ್ಪನ ಹೆಸರಲ್ಲಿದೆ. ಮೂವರು ಅಣ್ಣತಮ್ಮಂದಿರು, ಪಾಲು ಆಗಿಲ್ಲ. ಮೇಲಿನ ಮನೆಯ ಬಾಡಿಗೆ ಇವರೊಬ್ಬರೇ ತಿನ್ನುತ್ತಿದ್ದಾರೆ. "ನಾನೇ ಮಾಲಕ" ಅಂತ ಸಹಿ ಹಾಕಿದ ಕಾಗದ ಉಳಿದಿಬ್ಬರ ಕೈಗೆ ಸಿಕ್ಕರೆ ಲೆಕ್ಕ ಕೇಳುತ್ತಾರೆ. ಕರಾರು ಬೇಡ ಅಂದ ಆ ದೊಡ್ಡ ಮನಸ್ಸಿನ ಗುಟ್ಟೂ ಇದೇ! ಇದನ್ನು ಮೊದಲೇ ಹೇಳಿದ್ದರೆ ನಾನು ಬೇರೆ ಮನೆ ನೋಡುತ್ತಿದ್ದೆ. ನೀವೂ ಮನೆ ನೋಡಲು ಹೋದಾಗ ಮುಂಗಡ ಕೊಡುವ ಮೊದಲು ಕರೆಂಟ್ ಬಿಲ್ ಕೇಳಿ, ಯಾರ ಹೆಸರಿದೆ ನೋಡಿ. ನಾನು ನಲ್ಲಿಯಲ್ಲಿ ನೀರು ಬರುತ್ತದಾ ಅಂತ ಮಾತ್ರ ನೋಡಿದ್ದೆ.

ಇದರ ನಡುವೆ ಬ್ಯಾಂಕಿನ ಕಥೆ. ಸಂಬಳಕ್ಕೆ ಖಾತೆ ತೆರೆಯಬೇಕು. ಕೌಂಟರಿನಲ್ಲಿದ್ದವರು ಮುಖ ಕೂಡ ಎತ್ತದೆ "ಮಾಲಕರ ಪತ್ರ ತಗೊಂಡ್ ಬರ್ರಿ" ಅಂದರು. ಈ ಪತ್ರ ನನ್ನ ಬೆನ್ನು ಬಿಡುವುದಿಲ್ಲ ಅಂತ ಹಣೆ ಚಚ್ಚಿಕೊಂಡೆ. ಎರಡು ದಿನ ಬಿಟ್ಟು ಒಳಗಿನ ಆಫೀಸರ್ ಹತ್ತಿರ ಹೋದರೆ, ಅವರು ಬೆರಳೊತ್ತಿಸಿ ಆಧಾರ್ ಇ-ಕೆವೈಸಿ ಮಾಡಿದರು. ಈಗಿನ ವಿಳಾಸ ಬೇರೆ ಇದ್ದರೆ ನೀವೇ ಬರೆದು ಸಹಿ ಹಾಕಿ ಅಂತ ಒಂದು ಹಾಳೆ ಕೊಟ್ಟರು. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆಯಂತೆ, ಹೀಗೆ ಆಧಾರ್ ಮೂಲಕ ಖಾತೆ ತೆರೆದರೆ ವಿಳಾಸಕ್ಕೆ ಸ್ವಂತ ಘೋಷಣೆ ಸಾಕು. ಮಾಲಕರ ಪತ್ರ ಬೇಕೇ ಇರಲಿಲ್ಲ. ಆ ಎರಡು ದಿನ ನಾನು ಕಾಕಾನ ಮುಂದೆ ಕೈಕಟ್ಟಿ ನಿಂತಿದ್ದು ಸುಮ್ನೆ.

ಗ್ಯಾಸಿಗೆ ಅಂಥ ದಾರಿ ಸಿಗಲಿಲ್ಲ. ಇಂಡಕ್ಷನ್ ತಂದೆ. ಅನ್ನ, ಬೇಳೆ, ಚಹಾ ಆಗುತ್ತದೆ. ಜೋಳದ ರೊಟ್ಟಿ? ನಮ್ಮ ಹೆಂಚಿನ ತಳ ಗುಂಡಗೆ, ಗಾಜಿನ ಮೇಲೆ ಕೂಡುವುದೇ ಇಲ್ಲ, ತೊಟ್ಟಿಲಿನಂತೆ ತೂಗುತ್ತದೆ. ರೊಟ್ಟಿ ಉಬ್ಬಬೇಕೆಂದರೆ ಉರಿ ಬೇಕು. ನನ್ನ ಹೆಂಡತಿ ಒಂದು ವಾರ ನೋಡಿ, "ಹಿಟ್ಟಿನ ಡಬ್ಬಿ ಊರಿಗೆ ಕಳಸ್ರಿ" ಅಂದಳು.

ಕೊನೆಗೆ 5 ಕೆಜಿಯ ಸಣ್ಣ ಸಿಲಿಂಡರ್ ತಂದೆವು. ಅದಕ್ಕೆ ಗುರುತಿನ ಚೀಟಿ ಒಂದಿದ್ದರೆ ಸಾಕು, ವಿಳಾಸ ಕೇಳುವುದಿಲ್ಲ. ಆದರೆ ಮನೆಬಳಕೆಯ ದರ ಅದಕ್ಕಿಲ್ಲ, ಕೆಜಿ ಲೆಕ್ಕ ಹಾಕಿದರೆ ದೊಡ್ಡ ಸಿಲಿಂಡರ್‌ಗಿಂತ ತುಟ್ಟಿ. ಎರಡು ಹೊತ್ತು ರೊಟ್ಟಿ ಬಡಿದರೆ ಹನ್ನೆರಡು ದಿನಕ್ಕೆ ಖಾಲಿ. ಸ್ಕೂಟಿಯ ಕಾಲ ಹತ್ತಿರ ಇಟ್ಟುಕೊಂಡು, ಈ ಬಿಸಿಲಲ್ಲಿ, ನಾನೇ ಹೋಗಿ ತುಂಬಿದ್ದು ತರಬೇಕು. ಹೀಗೆ ತಿಂಗಳಿಗೆ ಎರಡು ಮೂರು ಸಲ. ಒಂದು ಸಹಿಯ ಬೆಲೆ ಇದು.

ನಿನ್ನೆ ಬಾಡಿಗೆ ಕೊಡಲು ಕೆಳಗೆ ಹೋಗಿದ್ದೆ. ಕಾಕಾ ಎಂದಿನಂತೆ ಎಣಿಸುತ್ತಾ ಕೂತಿದ್ದರು. ಫ್ರಿಜ್ಜಿನ ಮೇಲೆ ನನ್ನ ಪತ್ರ ಕಂಡಿತು. ಕೈಗೆತ್ತಿಕೊಂಡು ನೋಡಿದೆ. ಸಹಿಗೆ ಅಂತ ಬಿಟ್ಟಿದ್ದ ಜಾಗದಲ್ಲಿ ಈ ತಿಂಗಳ ಹಾಲಿನ ಲೆಕ್ಕ ಬರೆದಿದ್ದಾರೆ.